ಕಾಫಿ ಬಿಟ್ಟು ಬರುವ ಮುಂಚೆ: ಕರೆಂಟ್ ರೇಶಿಯೊ, ಕ್ವಿಕ್ ರೇಶಿಯೊ ಓದುವ ಬಗೆ

ಎಲ್ಲರಿಗೂ ನಮಸ್ಕಾರ.

ರೋಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿದೆ. ಕಣದಲ್ಲಿ ಒಣಗಿದ ಚೆರಿ ಚೀಲ ಸೇರುತ್ತಿದೆ. ಈಗ ಗೋಣಿಕೊಪ್ಪದಲ್ಲಾಗಲಿ, ವಿರಾಜಪೇಟೆಯಲ್ಲಾಗಲಿ, ಸೋಮವಾರಪೇಟೆಯಲ್ಲಾಗಲಿ, ನಾಲ್ಕು ಜನ ಬೆಳೆಗಾರರು ಸೇರಿದರೆ ಮಾತು ಶುರುವಾಗುವುದೇ ರೇಟಿನಿಂದ. ಇವತ್ತು 50 ಕೆಜಿ ಚೀಲಕ್ಕೆ ಎಷ್ಟು? ಔಟ್‌ಟರ್ನ್ ಎಷ್ಟು ಬಂತು? ತೇವಾಂಶಕ್ಕೆ ಎಷ್ಟು ಕಡಿದರು? ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಇದರ ಜೊತೆ ಇನ್ನೊಂದನ್ನು ಕೇಳಿ ಅಂತ ಹೇಳಲು ನಾನು ಬಂದಿದ್ದೇನೆ. ಕಾಫಿ ತೆಗೆದುಕೊಂಡ ಕಂಪನಿ, ನೀವು ದುಡ್ಡು ಕೇಳಿದ ದಿನ ಕೊಡುವ ಸ್ಥಿತಿಯಲ್ಲಿ ಇರುತ್ತದಾ?

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಕಾಫಿ ಬೋರ್ಡಿನ ಪೂಲ್ ಇದ್ದ ಕಾಲದಲ್ಲಿ ಬೆಳೆ ಪೂಲ್‌ಗೆ ಹೋಗುತ್ತಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. ತಡವಾಗುತ್ತೆ ಅಂತ ಬೇಜಾರಿತ್ತು. ಆದರೆ ಕೊಳ್ಳುವವನ ಕೈಯಲ್ಲಿ ದುಡ್ಡಿದೆಯಾ ಅಂತ ಯಾರೂ ಯೋಚಿಸುತ್ತಿರಲಿಲ್ಲ. 90ರ ದಶಕದಲ್ಲಿ ಹಂತ ಹಂತವಾಗಿ ಮಾರುಕಟ್ಟೆ ಬಿಟ್ಟುಕೊಟ್ಟರು. 1996ರ ಹೊತ್ತಿಗೆ ಪೂರ್ತಿ ಬಿಡುಗಡೆಯಾಯಿತು. ಅಲ್ಲಿಂದ ಕಾಫಿಯನ್ನು ಯಾರಿಗೆ ಬೇಕಾದರೂ ಮಾರಬಹುದು. ಉದ್ರಿ ಕೊಟ್ಟರೆ ಅದರ ಹೊಣೆಯೂ ನಮ್ಮದೇ.

ಮತ್ತೆ ನಾವು ಉದ್ರಿ ಕೊಡುತ್ತಲೇ ಇದ್ದೇವೆ. ಕಾಫಿ ಕೊಂಡುಹೋಗಿ ಬಿಡುತ್ತೇವೆ, ರೇಟ್ ಆಮೇಲೆ ಫಿಕ್ಸ್ ಮಾಡುತ್ತೇವೆ. ಮಾರ್ಚ್‌ನಲ್ಲಿ ಬಿಟ್ಟದ್ದಕ್ಕೆ ಜೂನ್‌ನಲ್ಲಿ, ಕೆಲವೊಮ್ಮೆ ಸೆಪ್ಟೆಂಬರ್‌ನಲ್ಲಿ ದುಡ್ಡು ಕೇಳುತ್ತೇವೆ. ಆ ನಡುವಿನ ತಿಂಗಳುಗಳಲ್ಲಿ ನೀವು ಆ ಕಂಪನಿಗೆ ಸಾಲ ಕೊಟ್ಟವರು. ಬ್ಯಾಂಕ್ ಸಾಲ ಕೊಡುವ ಮುಂಚೆ ಬ್ಯಾಲೆನ್ಸ್ ಶೀಟ್ ನೋಡುತ್ತದೆ. ನೀವು ನೋಡಿದ್ದೀರಾ?

ನಾನು ಸಾಲ ಕೊಡುವವರ ಕಡೆ ಕೂತು ಬ್ಯಾಲೆನ್ಸ್ ಶೀಟ್ ಓದಿದವನು. ಅಲ್ಲಿ ಮೊದಲು ಕಣ್ಣು ಹೋಗುವುದು ಎರಡು ಸಂಖ್ಯೆಗಳ ಕಡೆಗೆ. ಒಂದು ಕರೆಂಟ್ ರೇಶಿಯೊ, ಇನ್ನೊಂದು ಕ್ವಿಕ್ ರೇಶಿಯೊ. ಎರಡೂ ಒಂದೇ ಪ್ರಶ್ನೆ ಕೇಳುತ್ತವೆ: ಹತ್ತಿರದ ದಿನಗಳಲ್ಲಿ ಕೊಡಬೇಕಾದ ಬಾಕಿಗೆ, ಹತ್ತಿರದ ದಿನಗಳಲ್ಲಿ ಕೈಗೆ ಬರುವ ದುಡ್ಡು ಸಾಕಾಗುತ್ತದಾ? ಆದರೆ ಒಂದು ಸ್ವಲ್ಪ ಸಡಿಲವಾಗಿ ಕೇಳುತ್ತದೆ, ಇನ್ನೊಂದು ಬಿಗಿಯಾಗಿ ಕೇಳುತ್ತದೆ.

ಬ್ಯಾಲೆನ್ಸ್ ಶೀಟ್‌ನಲ್ಲಿ ಚಾಲ್ತಿ ಆಸ್ತಿ ಅಂತ ಒಂದು ಭಾಗ ಇರುತ್ತದೆ. ಸಾಮಾನ್ಯವಾಗಿ 12 ತಿಂಗಳ ಒಳಗೆ ದುಡ್ಡಾಗುವಂಥದ್ದೆಲ್ಲ ಅಲ್ಲಿ ಬರುತ್ತದೆ: ಗೋದಾಮಿನ ಸ್ಟಾಕ್, ಗಿರಾಕಿಗಳಿಂದ ಬರಬೇಕಾದ ಬಾಕಿ, ಬ್ಯಾಂಕಿನಲ್ಲಿರುವ ಹಣ, ಕೊಟ್ಟಿರುವ ಅಡ್ವಾನ್ಸ್. ಅದೇ ರೀತಿ 12 ತಿಂಗಳ ಒಳಗೆ ಕೊಡಬೇಕಾದ್ದೆಲ್ಲ ಚಾಲ್ತಿ ಹೊಣೆ. ಬ್ಯಾಂಕಿನ ಸಿಸಿ ಸಾಲ ಅಂದರೆ ಮಿತಿಯೊಳಗೆ ಬೇಕಾದಾಗ ಎತ್ತಿ ಕಟ್ಟುವ ಕ್ಯಾಶ್ ಕ್ರೆಡಿಟ್, ಬೆಳೆಗಾರರಿಗೆ ಕೊಡಬೇಕಾದ್ದು, ಕೂಲಿ, ತೆರಿಗೆ, ಮತ್ತೆ ಮಿಷನ್‌ಗೆ ಮಾಡಿದ ದೀರ್ಘಾವಧಿ ಸಾಲದಲ್ಲಿ ಈ ವರ್ಷ ಕಟ್ಟಬೇಕಾದ ಕಂತು. ಈ ಕಂತನ್ನು ಬಹಳ ಜನ ಮರೆಯುತ್ತಾರೆ. ಮಿಷನ್ ಸಾಲ ಹತ್ತು ವರ್ಷದ್ದೇ ಇರಬಹುದು, ಈ ವರ್ಷದ ಕಂತು ಈ ವರ್ಷವೇ ಕಟ್ಟಬೇಕು ಅಲ್ವಾ?

ಚಾಲ್ತಿ ಆಸ್ತಿಯನ್ನು ಚಾಲ್ತಿ ಹೊಣೆಯಿಂದ ಭಾಗಿಸಿದರೆ ಕರೆಂಟ್ ರೇಶಿಯೊ. ಕ್ವಿಕ್ ರೇಶಿಯೊಗೆ ಭಾಗಿಸುವ ಮುಂಚೆ ಆಸ್ತಿಯ ಕಡೆಯಿಂದ ಸ್ಟಾಕ್ ತೆಗೆಯಬೇಕು. ಜೊತೆಗೆ ಮುಂಗಡವಾಗಿ ಕಟ್ಟಿದ ಇನ್ಶೂರೆನ್ಸ್, ಮಾಲಿಗೆ ಕೊಟ್ಟ ಅಡ್ವಾನ್ಸ್, ಇನ್ನೂ ಬರದ ಜಿಎಸ್‌ಟಿ ರೀಫಂಡ್ ಇಂಥವನ್ನೂ ನಾನು ತೆಗೆಯುತ್ತೇನೆ. ಕೆಲವರು ಸ್ಟಾಕ್ ಮಾತ್ರ ತೆಗೆಯುತ್ತಾರೆ. ಕೊಟ್ಟ ಅಡ್ವಾನ್ಸ್ ತಿರುಗಿ ಬಂದರೆ ಕಾಫಿಯಾಗಿ ಬರುತ್ತದೆ, ದುಡ್ಡಾಗಿ ಅಲ್ಲ. ಅದಕ್ಕೇ ಅದನ್ನು ಬಿಡುವುದು ಸರಿ ಅಂತ ನನ್ನ ಅಭಿಪ್ರಾಯ.

ಈಗ ಒಂದು ಕಂಪನಿ ತೆಗೆದುಕೊಳ್ಳೋಣ. ಇದು ಲೆಕ್ಕಕ್ಕಾಗಿ ಕಟ್ಟಿದ ಕಂಪನಿ, ಯಾರದ್ದೂ ಅಲ್ಲ. ಕುಶಾಲನಗರದ ಕಡೆ ಒಂದು ಕ್ಯೂರಿಂಗ್ ವರ್ಕ್ಸ್ ಅಂದುಕೊಳ್ಳಿ. ಕಾಫಿ ಕೊಂಡು, ಹಲ್ಲಿಂಗ್, ಗ್ರೇಡಿಂಗ್ ಮಾಡಿ ಎಕ್ಸ್‌ಪೋರ್ಟ್ ಮಾಡುವವರಿಗೂ ರೋಸ್ಟರ್‌ಗಳಿಗೂ ಮಾರುತ್ತದೆ. ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಹೀಗಿದೆ. ಸ್ಟಾಕ್ 14 ಕೋಟಿ. ಗಿರಾಕಿಗಳಿಂದ ಬರಬೇಕಾದ್ದು 5 ಕೋಟಿ. ನಗದು, ಬ್ಯಾಂಕ್ ಸೇರಿ 60 ಲಕ್ಷ. ಅಡ್ವಾನ್ಸ್, ಜಿಎಸ್‌ಟಿ ಇತ್ಯಾದಿ 1 ಕೋಟಿ 40 ಲಕ್ಷ. ಒಟ್ಟು 21 ಕೋಟಿ. ಆ ಕಡೆ ಕೊಡಬೇಕಾದ್ದು: ಬ್ಯಾಂಕ್ ಸಿಸಿ 8 ಕೋಟಿ, ಬೆಳೆಗಾರರಿಗೆ 5 ಕೋಟಿ, ಸಾಲದ ಕಂತು 50 ಲಕ್ಷ, ಉಳಿದ ಬಿಲ್ಲುಗಳು 50 ಲಕ್ಷ. ಒಟ್ಟು 14 ಕೋಟಿ.

21ನ್ನು 14ರಿಂದ ಭಾಗಿಸಿ. ಕರೆಂಟ್ ರೇಶಿಯೊ 1.5.

ಇದು ಒಳ್ಳೆಯದಾ, ಕೆಟ್ಟದ್ದಾ? ಕಾಮರ್ಸ್ ಓದಿದವರಿಗೆ 2 ಇರಬೇಕು ಅಂತ ಪಾಠ ಆಗಿರುತ್ತದೆ. ನಮ್ಮ ಬ್ಯಾಂಕುಗಳಲ್ಲಿ ಬಹುಕಾಲದಿಂದ ಓಡಾಡುತ್ತಿರುವ ಸಂಖ್ಯೆ 1.33. ಅದು ಟಂಡನ್ ಸಮಿತಿಯಿಂದ ಬಂದದ್ದು. ರಿಸರ್ವ್ ಬ್ಯಾಂಕ್ 1974ರಲ್ಲಿ ನೇಮಿಸಿದ ಆ ಸಮಿತಿ ಹೇಳಿದ್ದು ಸರಳ. 100 ರೂಪಾಯಿ ಚಾಲ್ತಿ ಆಸ್ತಿ ಇದ್ದರೆ ಅದರಲ್ಲಿ 25 ರೂಪಾಯಿಯಾದರೂ ಮಾಲೀಕರ ಹಣದಿಂದ ಅಥವಾ ದೀರ್ಘಾವಧಿ ಸಾಲದಿಂದ ಬಂದಿರಬೇಕು. ಉಳಿದ 75 ರೂಪಾಯಿ ಬ್ಯಾಂಕ್ ಮತ್ತು ಉದ್ರಿ ಕೊಟ್ಟವರದ್ದು ಇರಬಹುದು. 100ನ್ನು 75ರಿಂದ ಭಾಗಿಸಿದರೆ 1.33 ಬರುತ್ತದೆ. ಆ ಲೆಕ್ಕದಲ್ಲಿ ನಮ್ಮ ಕಂಪನಿ ಆರಾಮಾಗಿ ಪಾಸು.

ಈಗ ಬಿಗಿಯಾದ ಪರೀಕ್ಷೆ. ಸ್ಟಾಕ್ ಬಿಡಿ, ಅಡ್ವಾನ್ಸ್ ಬಿಡಿ. ಉಳಿಯುವುದು ಗಿರಾಕಿಗಳ 5 ಕೋಟಿ, ಬ್ಯಾಂಕಿನ 60 ಲಕ್ಷ. 5.6ನ್ನು 14ರಿಂದ ಭಾಗಿಸಿದರೆ 0.4. ಅಂದರೆ ಕೊಡಬೇಕಾದ ಪ್ರತಿ 1 ರೂಪಾಯಿಗೆ ಸ್ಟಾಕ್ ಮುಟ್ಟದೆ ಕೊಡಬಹುದಾದದ್ದು 40 ಪೈಸೆ. ಉಳಿದ 60 ಪೈಸೆ ಗೋದಾಮಿನ ಚೀಲಗಳಲ್ಲಿದೆ. ಅದನ್ನು ಮಾರಿದ ಮೇಲೆ ಮಾತ್ರ ನಿಮ್ಮ ಕೈಗೆ ಬರುವುದು.

ಕ್ವಿಕ್ ರೇಶಿಯೊ 1 ಇರಬೇಕು ಅಂತ ಪುಸ್ತಕಗಳಲ್ಲಿದೆ. 0.4 ನೋಡಿ ಹೆದರಿಬಿಡುವವರಿದ್ದಾರೆ. ಹಾಗೆ ಸುಮ್ನೆ ಹೆದರಬೇಡಿ. ಮಾರ್ಚ್ 31 ಅಂದರೆ ಕೊಡಗಿನಲ್ಲಿ ಯಾವ ದಿನ ಅಂತ ಯೋಚಿಸಿ. ಅರೇಬಿಕಾ ಬಂದು ಮುಗಿದಿದೆ, ರೋಬಸ್ಟಾ ಈಗಷ್ಟೇ ಬಂದಿದೆ. ಕಾಫಿ ವ್ಯಾಪಾರಿಯ ಗೋದಾಮು ಇಡೀ ವರ್ಷದಲ್ಲಿ ತುಂಬಿ ತುಳುಕುವುದು ಆ ಹೊತ್ತಿಗೆ. ಅದನ್ನು ಕೊಳ್ಳಲು ಮಾಡಿದ ಸಾಲ ಕೂಡ ಆಗಲೇ ಮೇಲಿರುತ್ತದೆ. ಅದೇ ಕಂಪನಿಯನ್ನು ಸೆಪ್ಟೆಂಬರ್ 30ಕ್ಕೆ ನೋಡಿದರೆ ಬೇರೆಯೇ ಕಾಣುತ್ತದೆ. ಸ್ಟಾಕ್ 3 ಕೋಟಿಗೆ ಇಳಿದಿದೆ. ಗಿರಾಕಿಗಳಿಂದ 7 ಕೋಟಿ ಬರಬೇಕು. ಬ್ಯಾಂಕಿನಲ್ಲಿ ಒಂದೂವರೆ ಕೋಟಿ, ಇತರೆ 1 ಕೋಟಿ. ಒಟ್ಟು 12.5 ಕೋಟಿ. ಆ ಕಡೆ ಸಿಸಿ 3 ಕೋಟಿ, ಬೆಳೆಗಾರರಿಗೆ 1 ಕೋಟಿ 30 ಲಕ್ಷ, ಕಂತು ಮತ್ತು ಬಿಲ್ಲುಗಳು 1 ಕೋಟಿ. ಒಟ್ಟು 5.3 ಕೋಟಿ. ಕರೆಂಟ್ ರೇಶಿಯೊ 2.36. ಕ್ವಿಕ್ ರೇಶಿಯೊ 1.6.

ಕಂಪನಿ ಅದೇ, ಮಾಲೀಕರು ಅವರೇ. ಆಸ್ತಿಯಿಂದ ಹೊಣೆ ಕಳೆದರೆ ಮಾರ್ಚ್‌ನಲ್ಲಿ 7 ಕೋಟಿ ಉಳಿಯುತ್ತಿತ್ತು, ಸೆಪ್ಟೆಂಬರ್‌ನಲ್ಲಿ 7 ಕೋಟಿ 20 ಲಕ್ಷ. ಅಂದರೆ ಒಳಗಿನ ಬಲ ಹೆಚ್ಚುಕಡಿಮೆ ಅಷ್ಟೇ ಇದೆ. ರೇಶಿಯೊ ಮಾತ್ರ ಎಲ್ಲಿಂದ ಎಲ್ಲಿಗೋ ಹೋಗಿದೆ. ಹಾಗಾಗಿ ನಮ್ಮ ಕಾಫಿ ಕಂಪನಿಯ ರೇಶಿಯೊವನ್ನು ದಿನಸಿ ಅಂಗಡಿಯ ಜೊತೆ ಹೋಲಿಸಿ ಪ್ರಯೋಜನವಿಲ್ಲ. ದೊಡ್ಡ ದಿನಸಿ ಅಂಗಡಿ ಉದ್ರಿಯಲ್ಲಿ ಮಾಲು ತರುತ್ತದೆ, ನಗದಿಗೆ ಮಾರುತ್ತದೆ. ಅದರ ರೇಶಿಯೊ 1ಕ್ಕಿಂತ ಕಡಿಮೆ ಇದ್ದರೂ ಬಾಕಿ ನಿಲ್ಲುವುದಿಲ್ಲ. ಈ ಕಂಪನಿಯ ಈ ಮಾರ್ಚನ್ನು ಇದೇ ಕಂಪನಿಯ ಹೋದ ಮಾರ್ಚ್ ಜೊತೆ, ಅದರ ಹಿಂದಿನ ಮಾರ್ಚ್ ಜೊತೆ ಹೋಲಿಸಿ. ಸಾಧ್ಯವಾದರೆ ಇನ್ನೊಂದು ಕ್ಯೂರಿಂಗ್ ವರ್ಕ್ಸ್‌ನ ಮಾರ್ಚ್ ಜೊತೆ. 0.4 ಅನ್ನುವುದಕ್ಕಿಂತ, 0.7 ಇದ್ದದ್ದು 0.55 ಆಗಿ, ಈಗ 0.4ಕ್ಕೆ ಇಳಿದಿದೆ ಅನ್ನುವುದು ನಿಮಗೆ ಜಾಸ್ತಿ ವಿಷಯ ಹೇಳುತ್ತದೆ.

ಇನ್ನು ಆ 5 ಕೋಟಿಯ ಒಳಗೆ ಇಣುಕಿ ನೋಡೋಣ. ಕ್ವಿಕ್ ರೇಶಿಯೊ ಬಿಗಿಯಾದ ಪರೀಕ್ಷೆ ಅಂದೆ. ಆದರೆ ಗಿರಾಕಿಗಳ ಬಾಕಿಯೆಲ್ಲ ಬೇಗ ಬರುತ್ತದೆ ಅಂತ ಅದು ನಂಬಿಬಿಡುತ್ತದೆ. ಅದು ನಿಜವಾ ಅಂತ ನೋಡಲು ಈಗ ಒಂದು ಒಳ್ಳೆಯ ದಾರಿ ಇದೆ. 2021ರ ಮಾರ್ಚ್‌ನಲ್ಲಿ ಕಂಪನಿ ಕಾಯ್ದೆಯ ಶೆಡ್ಯೂಲ್ 3ಕ್ಕೆ ತಿದ್ದುಪಡಿ ಬಂತು. ಆ ಏಪ್ರಿಲ್‌ನಿಂದ ಕಂಪನಿಗಳು ಬಾಕಿಯ ವಯಸ್ಸನ್ನು ಕೋಷ್ಟಕ ಹಾಕಿ ತೋರಿಸಬೇಕು. 6 ತಿಂಗಳ ಒಳಗಿನದ್ದು ಎಷ್ಟು, 6 ತಿಂಗಳಿಂದ ವರ್ಷದವರೆಗಿನದ್ದು ಎಷ್ಟು, 1ರಿಂದ 2 ವರ್ಷ, 2ರಿಂದ 3 ವರ್ಷ, 3 ವರ್ಷಕ್ಕೂ ಹಳೆಯದು ಎಷ್ಟು. ಬ್ಯಾಲೆನ್ಸ್ ಶೀಟ್‌ನ ಹಿಂದಿನ ನೋಟ್ಸ್ ಪುಟಗಳಲ್ಲಿ ಇದು ಸಿಗುತ್ತದೆ. ನಮ್ಮ ಕಂಪನಿಯಲ್ಲಿ 1 ಕೋಟಿ 6 ತಿಂಗಳು ದಾಟಿದೆ ಅಂದುಕೊಳ್ಳಿ. ಕಾಫಿ ವ್ಯಾಪಾರದಲ್ಲಿ 6 ತಿಂಗಳು ದಾಟಿದ ಬಾಕಿ ಅಂದರೆ ಮಾಲಿನ ಬಗ್ಗೆ ತಕರಾರಿದೆ, ಅಥವಾ ಕೊಂಡವನಿಗೆ ಕೊಡಲು ಆಗುತ್ತಿಲ್ಲ. ಅದನ್ನು ನಾನು ಲೆಕ್ಕದಿಂದ ಬಿಡುತ್ತೇನೆ. ಆಗ 4.6ನ್ನು 14ರಿಂದ ಭಾಗಿಸಬೇಕು. 0.4 ಇದ್ದದ್ದು 0.33 ಆಯಿತು.

ಅದೇ ತಿದ್ದುಪಡಿ ಇನ್ನೊಂದು ಕೆಲಸ ಮಾಡಿತು. ಕರೆಂಟ್ ರೇಶಿಯೊ ಸೇರಿ 11 ರೇಶಿಯೊಗಳನ್ನು ಕಂಪನಿಯೇ ಲೆಕ್ಕ ಹಾಕಿ ನೋಟ್ಸ್‌ನಲ್ಲಿ ಕೊಡಬೇಕು. ಹಿಂದಿನ ವರ್ಷಕ್ಕಿಂತ 25 ಪರ್ಸೆಂಟ್‌ಗೂ ಹೆಚ್ಚು ಬದಲಾದರೆ ಕಾರಣ ಬರೆಯಬೇಕು. ಒಳ್ಳೆಯ ನಿಯಮ. ಆದರೆ ಎರಡು ವಿಷಯ ಗಮನದಲ್ಲಿ ಇಟ್ಟುಕೊಳ್ಳಿ. ಆ 11ರಲ್ಲಿ ಕ್ವಿಕ್ ರೇಶಿಯೊ ಇಲ್ಲ, ಅದನ್ನು ನೀವೇ ಲೆಕ್ಕ ಹಾಕಬೇಕು. ಮತ್ತೆ 1.7 ಇದ್ದ ಕರೆಂಟ್ ರೇಶಿಯೊ 1.3ಕ್ಕೆ ಬಿದ್ದರೆ ಅದು 23.5 ಪರ್ಸೆಂಟ್ ಇಳಿಕೆ. ಅಷ್ಟು ದೊಡ್ಡ ಕುಸಿತಕ್ಕೂ ಕಂಪನಿ ಕಾರಣ ಬರೆಯಬೇಕಾಗಿಲ್ಲ. ಕಾರಣದ ಕಾಲಂ ಖಾಲಿ ಇದೆ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿಗೆ ಬರುತ್ತೇನೆ. ಮಾರ್ಚ್ 31ರ ಒಂದು ದಿನಕ್ಕೆ ರೇಶಿಯೊ ಚೆನ್ನಾಗಿ ಕಾಣುವ ಹಾಗೆ ಮಾಡಬಹುದು, ಒಂದು ರೂಪಾಯಿಯೂ ಸುಳ್ಳು ಬರೆಯದೆ.

ನಮ್ಮ ಕಂಪನಿಯವರು ಮಾರ್ಚ್ ಕೊನೆಯ ವಾರ ಗಿರಾಕಿಗಳ ಹಿಂದೆ ಬಿದ್ದು 4 ಕೋಟಿ ವಸೂಲಿ ಮಾಡಿದರು, ಮಾರ್ಚ್ 31ಕ್ಕೆ ಅದನ್ನು ಹಾಗೇ ಸಿಸಿ ಅಕೌಂಟಿಗೆ ಕಟ್ಟಿದರು ಅಂದುಕೊಳ್ಳಿ. ಚಾಲ್ತಿ ಆಸ್ತಿ 21ರಿಂದ 17ಕ್ಕೆ ಇಳಿಯಿತು. ಹೊಣೆ 14ರಿಂದ 10ಕ್ಕೆ ಇಳಿಯಿತು. ಕರೆಂಟ್ ರೇಶಿಯೊ ಈಗ 1.7! ಏಪ್ರಿಲ್ ಮೊದಲ ವಾರ ಆ 4 ಕೋಟಿಯನ್ನು ಸಿಸಿಯಿಂದ ಮತ್ತೆ ಎತ್ತಿದರು. ಅವರ ವ್ಯಾಪಾರ ಏನೂ ಸುಧಾರಿಸಿಲ್ಲ, ಬ್ಯಾಲೆನ್ಸ್ ಶೀಟ್ ಮಾತ್ರ ಚೆಂದ ಕಾಣುತ್ತದೆ.

ಇದು ಯಾಕೆ ಹೀಗಾಗುತ್ತದೆ? ರೇಶಿಯೊ 1ಕ್ಕಿಂತ ಮೇಲಿದ್ದಾಗ ಮೇಲಿನಿಂದಲೂ ಕೆಳಗಿನಿಂದಲೂ ಒಂದೇ ಮೊತ್ತ ಕಳೆದರೆ ಉತ್ತರ ಏರುತ್ತದೆ. 1ಕ್ಕಿಂತ ಕೆಳಗಿದ್ದರೆ ಇಳಿಯುತ್ತದೆ. ಇಲ್ಲೇ ಕ್ವಿಕ್ ರೇಶಿಯೊ ನಿಮ್ಮ ಸಹಾಯಕ್ಕೆ ಬರುವುದು. ಅದು ಮೊದಲೇ 0.4 ಇತ್ತು. ಈಗ 5.6ರಿಂದ 4 ಹೋಗಿ 1.6 ಉಳಿಯಿತು. ಅದನ್ನು 10ರಿಂದ ಭಾಗಿಸಿದರೆ 0.16. ಕರೆಂಟ್ ರೇಶಿಯೊ ಏರಿದೆ, ಕ್ವಿಕ್ ರೇಶಿಯೊ ಕುಸಿದಿದೆ. ಎರಡೂ ಹೀಗೆ ಎದುರುಬದುರು ದಿಕ್ಕಿಗೆ ಹೋದರೆ ಅಲ್ಲಿ ನಿಂತು ನೋಡಬೇಕು. ಸ್ಟಾಕ್ ಜಾಸ್ತಿಯಾದಾಗಲೂ ಹೀಗೆ ಆಗಬಹುದು, ಅದಕ್ಕೇ ಇದನ್ನೇ ಸಾಕ್ಷಿ ಅನ್ನಲಾಗದು. ಆದರೆ ಸಿಸಿ ಸಾಲ ಒಮ್ಮೆಲೆ ಇಳಿದಿದೆ, ವರ್ಷದ ಬಡ್ಡಿ ಖರ್ಚು ಮಾತ್ರ ಇಳಿದಿಲ್ಲ ಅಂದರೆ ವಿಷಯ ಹೆಚ್ಚುಕಡಿಮೆ ಖಚಿತ. ವರ್ಷವಿಡೀ 8 ಕೋಟಿಗೆ ಬಡ್ಡಿ ಕಟ್ಟಿದವರು ಒಂದು ದಿನ 4 ಕೋಟಿ ತೋರಿಸಿದ್ದಾರೆ.

ಈವರೆಗೆ ಹೇಳಿದ್ದು ಕಾಗದದ ಮೇಲಿನ ಲೆಕ್ಕ. ಇನ್ನು ಕಾಫಿ ಬೆಲೆ ಕುಸಿದರೆ ಏನಾಗುತ್ತದೆ ನೋಡೋಣ. ಇದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕಂಪನಿಗಳು ನಿಜವಾಗಿ ಎಡವುವುದು ಇಲ್ಲಿ.

ಮಾರ್ಚ್ ಆದ ಮೇಲೆ ಬೆಲೆ 20 ಪರ್ಸೆಂಟ್ ಬಿತ್ತು ಅಂದುಕೊಳ್ಳಿ. 14 ಕೋಟಿಯ ಸ್ಟಾಕ್ ಈಗ 11 ಕೋಟಿ 20 ಲಕ್ಷ ಬೆಲೆ ಬಾಳುತ್ತದೆ. ಒಟ್ಟು ಚಾಲ್ತಿ ಆಸ್ತಿ 18.2 ಕೋಟಿ, ಹೊಣೆ 14 ಕೋಟಿ. ಕರೆಂಟ್ ರೇಶಿಯೊ 1.3. ಇನ್ನೂ ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಬ್ಯಾಂಕಿನಲ್ಲಿ ಏನಾಗುತ್ತಿದೆ ನೋಡಿ.

ಸಿಸಿ ಸಾಲಕ್ಕೆ ಕಂಪನಿ ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತದೆ. ಅದರಿಂದ ಬ್ಯಾಂಕ್ ಡ್ರಾಯಿಂಗ್ ಪವರ್ ಲೆಕ್ಕ ಹಾಕುತ್ತದೆ, ಅಂದರೆ ಎಷ್ಟು ಸಾಲ ಎತ್ತಬಹುದು ಅನ್ನುವ ಮಿತಿ. ಮೊದಲು ಸ್ಟಾಕ್‌ನಿಂದ ಬೆಳೆಗಾರರಿಗೆ ಕೊಡಬೇಕಾದ್ದನ್ನು ಕಳೆಯುತ್ತಾರೆ, ದುಡ್ಡು ಕೊಡದ ಮಾಲಿನ ಮೇಲೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಉಳಿದದ್ದರಲ್ಲಿ ಮಾರ್ಜಿನ್ ಹಿಡಿಯುತ್ತಾರೆ. ನಮ್ಮ ಲೆಕ್ಕಕ್ಕೆ ಅದು 25 ಪರ್ಸೆಂಟ್ ಇರಲಿ. ಮಾರ್ಚ್‌ನಲ್ಲಿ 14ರಿಂದ 5 ಕಳೆದರೆ 9, ಅದರಲ್ಲಿ ಮುಕ್ಕಾಲು ಭಾಗ 6.75 ಕೋಟಿ. ಹಳೆಯದಲ್ಲದ 4 ಕೋಟಿ ಬಾಕಿಯಲ್ಲಿ ಮುಕ್ಕಾಲು ಭಾಗ 3 ಕೋಟಿ. ಒಟ್ಟು 9.75 ಕೋಟಿ ಎತ್ತಬಹುದಿತ್ತು. ಎತ್ತಿದ್ದು 8. ಬೇಕಾದರೆ ಇನ್ನೂ 1 ಕೋಟಿ 75 ಲಕ್ಷ ತೆಗೆದು ಬೆಳೆಗಾರರಿಗೆ ಕೊಡಬಹುದಿತ್ತು, ಮಂಜೂರಾದ ಲಿಮಿಟ್ ಅಷ್ಟಿದ್ದರೆ.

ಬೆಲೆ ಬಿದ್ದ ಮೇಲೆ? 11.2ರಿಂದ 5 ಕಳೆದರೆ 6.2. ಮುಕ್ಕಾಲು ಭಾಗ 4.65. ಅದಕ್ಕೆ ಬಾಕಿಯ 3 ಸೇರಿಸಿ, 7.65 ಕೋಟಿ. ಎತ್ತಿರುವುದು 8 ಕೋಟಿ. 35 ಲಕ್ಷ ಜಾಸ್ತಿಯಾಯಿತು. ಹೊಸದಾಗಿ ಒಂದು ರೂಪಾಯಿ ಸಿಗುವ ಮಾತಿರಲಿ, 35 ಲಕ್ಷ ತಿರುಗಿ ಕಟ್ಟಿ ಅಂತ ಮ್ಯಾನೇಜರ್ ಫೋನ್ ಮಾಡುತ್ತಾರೆ. ಕಂಪನಿ ಹತ್ತಿರ ಇರುವ ನಗದು 60 ಲಕ್ಷ. ಅದರಲ್ಲಿ ಕೂಲಿ ಕೊಡಬೇಕು, ಕರೆಂಟ್ ಬಿಲ್ ಕಟ್ಟಬೇಕು. ಇದು ಮೇ ಕೊನೆ ಅಥವಾ ಜೂನ್ ಅಂದುಕೊಳ್ಳಿ. ಮಳೆಗೆ ಮುಂಚೆ ಗೊಬ್ಬರ ಹಾಕಬೇಕು, ಮಕ್ಕಳ ಫೀಸ್ ಕಟ್ಟಬೇಕು, ನೀವೆಲ್ಲ ದುಡ್ಡು ಕೇಳಲು ಹೋಗುವುದೂ ಆಗಲೇ. ಮಾರಿ ಕೊಡೋಣ ಅಂದರೆ ಬಿದ್ದ ಬೆಲೆಗೆ ಮಾರಬೇಕು, ನಷ್ಟ ಖಾಯಂ ಆಗುತ್ತದೆ. ಕಾಯೋಣ ಅಂದರೆ ಕೊಡಲು ದುಡ್ಡಿಲ್ಲ. ಆಗಲೇ ನೀವು ಆ ಮಾತು ಕೇಳುವುದು: ಇನ್ನೊಂದು ವಾರ ಬಿಟ್ಟು ಬನ್ನಿ.

ಕಂಪನಿ ಮುಳುಗಿಲ್ಲ. ಕರೆಂಟ್ ರೇಶಿಯೊ 1.3 ಇದೆ, ಆಸ್ತಿ ಹೊಣೆಗಿಂತ ಜಾಸ್ತಿಯೇ ಇದೆ. ಆದರೂ ಬಿಲ್ ಕಟ್ಟಲು ಆಗುತ್ತಿಲ್ಲ. 1.5 ಅನ್ನುವ ಸಂಖ್ಯೆ ಇದನ್ನು ನಿಮಗೆ ಮುಂಚೆ ಹೇಳಲಿಲ್ಲ. 0.4 ಅನ್ನುವುದು ಸ್ವಲ್ಪ ಹೇಳಿತ್ತು: ಈ ಕಂಪನಿ ಕೊಡುವುದು ಬಿಡುವುದು ಸ್ಟಾಕ್ ಮಾರುವುದರ ಮೇಲೆ, ಮತ್ತೆ ಬ್ಯಾಂಕಿನ ಮೇಲೆ ನಿಂತಿದೆ ಅಂತ. ಹಾಗಾಗಿ ಕ್ವಿಕ್ ರೇಶಿಯೊ ಕಡಿಮೆ ಕಂಡಾಗ ಕೇಳಬೇಕಾದ ಮುಂದಿನ ಪ್ರಶ್ನೆ, ಸಿಸಿಯಲ್ಲಿ ಎತ್ತದೆ ಉಳಿದದ್ದು ಎಷ್ಟು? ಇದು ರೇಶಿಯೊದಲ್ಲಿ ಎಲ್ಲೂ ಬರುವುದಿಲ್ಲ. 0.4 ಇದ್ದು 5 ಕೋಟಿ ಲಿಮಿಟ್ ಬಾಕಿ ಇರುವ ಕಂಪನಿ ನಿಮಗೆ ದುಡ್ಡು ಕೊಟ್ಟೀತು. 0.6 ಇದ್ದು ಲಿಮಿಟ್ ಅಂಚಿಗೆ ಬಂದಿರುವ ಕಂಪನಿ ತಡಮಾಡೀತು.

ಬೆಲೆ ಬಿದ್ದರೆ ಕಷ್ಟ ಅನ್ನುವುದು ಎಲ್ಲರಿಗೂ ಅರ್ಥವಾಗುತ್ತದೆ. ಬೆಲೆ ಏರಿದರೂ ವ್ಯಾಪಾರಿ ಬೀಳಬಹುದು, ಅದು ಇನ್ನೂ ಅಪಾಯ. ಬೆಳೆಗಾರರಿಗೆ ಕೊಡಬೇಕಾದ 5 ಕೋಟಿಯಲ್ಲಿ 3 ಕೋಟಿಯ ಕಾಫಿಗೆ ಇನ್ನೂ ರೇಟ್ ಫಿಕ್ಸ್ ಆಗಿಲ್ಲ ಅಂದುಕೊಳ್ಳಿ. ಪುಸ್ತಕದಲ್ಲಿ ಮಾರ್ಚ್ 31ರ ರೇಟಿಗೆ ಬರೆದಿದ್ದಾರೆ. ಆದರೆ ಆ ಕಾಫಿಯನ್ನು ಕಂಪನಿ ಆಗಲೇ ಮಾರಿದೆ, ಉಳಿದ ಸ್ಟಾಕಿಗೂ ಹಳೆಯ ರೇಟಿಗೆ ಕಾಂಟ್ರಾಕ್ಟ್ ಮಾಡಿಕೊಂಡಿದೆ. ಬೆಲೆ 40 ಪರ್ಸೆಂಟ್ ಏರಿತು. ನೀವು ಹೋಗಿ ಇವತ್ತಿನ ರೇಟಿಗೆ ಫಿಕ್ಸ್ ಮಾಡಿದಿರಿ. 3 ಕೋಟಿ ಕೊಡಬೇಕಾದಲ್ಲಿ 4 ಕೋಟಿ 20 ಲಕ್ಷ ಕೊಡಬೇಕಾಯಿತು. ಹೆಚ್ಚುವರಿ 1 ಕೋಟಿ 20 ಲಕ್ಷಕ್ಕೆ ಎದುರಾಗಿ ಕಂಪನಿಗೆ ಎಲ್ಲಿಂದಲೂ ಏನೂ ಬರುವುದಿಲ್ಲ. ರೇಶಿಯೊ ಲೆಕ್ಕ ಹಾಕಿ ನೋಡಿ. 21ನ್ನು 15.2ರಿಂದ ಭಾಗಿಸಿದರೆ 1.38. ಕ್ವಿಕ್ 0.4ರಿಂದ 0.37. ಸಂಖ್ಯೆಗಳು ಅಲುಗಾಡಿದ್ದೇ ಗೊತ್ತಾಗುವುದಿಲ್ಲ. ಆದರೆ ಕಂಪನಿ ಹತ್ತಿರ ಇದ್ದ ನಗದಿನ ಎರಡರಷ್ಟು ಹೊಣೆ ಹೊಸದಾಗಿ ಬಂದಿದೆ. 2023ರ ಕೊನೆಯಿಂದ 2024ರವರೆಗೆ ರೋಬಸ್ಟಾ ಬೆಲೆ ಏರಿದ ರೀತಿ ನಿಮ್ಮೆಲ್ಲರಿಗೂ ನೆನಪಿದೆ. ಅಂಥ ವರ್ಷದಲ್ಲಿ, ಫಿಕ್ಸ್ ಮಾಡದೆ ಬಿಟ್ಟ ಕಾಫಿ ಗೋದಾಮಿನಲ್ಲೇ ಇದೆಯಾ ಅನ್ನುವುದು ಎರಡೂ ರೇಶಿಯೊಗಳಿಗಿಂತ ದೊಡ್ಡ ಪ್ರಶ್ನೆ.

ಇನ್ನೂ ಕೆಟ್ಟ ಸ್ಥಿತಿ ಒಂದಿದೆ. ನೀವು ಬಿಟ್ಟ ಕಾಫಿಯನ್ನು ತಮ್ಮ ಸ್ಟಾಕಿಗೆ ಸೇರಿಸಿಕೊಂಡು, ರೇಟ್ ಫಿಕ್ಸ್ ಆಗಿಲ್ಲ ಅನ್ನುವ ನೆಪದಲ್ಲಿ ನಿಮಗೆ ಕೊಡಬೇಕಾದ್ದನ್ನು ಹೊಣೆಯ ಕಡೆ ಬರೆಯದೆ ಬಿಟ್ಟರೆ, ಕರೆಂಟ್ ರೇಶಿಯೊ ಬಹಳ ಚೆನ್ನಾಗಿ ಕಾಣುತ್ತದೆ. ಇದನ್ನು ಹೊರಗಿನಿಂದ ಪತ್ತೆ ಮಾಡುವುದು ಕಷ್ಟ. ಒಂದು ಸುಳಿವು ಇದೆ. ಕೊಯ್ಲು ಮುಗಿದ ಮಾರ್ಚ್ 31ಕ್ಕೆ ಸ್ಟಾಕ್ ಭರ್ತಿ ಇದ್ದು, ಬೆಳೆಗಾರರಿಗೆ ಕೊಡಬೇಕಾದ್ದು ತೀರಾ ಕಡಿಮೆ ಇದ್ದರೆ, ಒಂದೋ ಅವರು ಎಲ್ಲರಿಗೂ ನಗದು ಕೊಟ್ಟಿದ್ದಾರೆ, ಇಲ್ಲವೇ ಎಲ್ಲೋ ಏನೋ ಬಿಟ್ಟುಹೋಗಿದೆ. ಎಷ್ಟು ಜನ ಫಿಕ್ಸ್ ಮಾಡದೆ ಬಿಟ್ಟಿದ್ದಾರೆ ಅಂತ ಊರಲ್ಲಿ ನಿಮಗೇ ಗೊತ್ತಿರುತ್ತದೆ. ಆಡಿಟರ್‌ಗೆ ಗೊತ್ತಿಲ್ಲದ ವಿಷಯ ಅದು.

ಈ ಬ್ಯಾಲೆನ್ಸ್ ಶೀಟ್ ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಿ. ಪ್ರೈವೇಟ್ ಲಿಮಿಟೆಡ್ ಆದರೂ ಕಂಪನಿ ಅಂದಮೇಲೆ ವರ್ಷವರ್ಷ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಲೆಕ್ಕ ಸಲ್ಲಿಸಬೇಕು, AOC-4 ಅನ್ನುವ ಫಾರಂನಲ್ಲಿ. ಸಣ್ಣ ಫೀಸ್ ಕಟ್ಟಿ ಯಾರು ಬೇಕಾದರೂ ನೋಡಬಹುದು. ಆದರೆ ಮಾರ್ಚ್ 31ರ ಲೆಕ್ಕ ಅಲ್ಲಿ ಬರುವುದು ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ. ಜನವರಿಯಲ್ಲಿ ನೀವು ಕಾಫಿ ಬಿಡುವಾಗ ಕೈಯಲ್ಲಿರುವುದು 9, 10 ತಿಂಗಳ ಹಳೆಯ ಚಿತ್ರ. ಅದಕ್ಕೇ ಒಂದೇ ವರ್ಷ ನೋಡಬೇಡಿ, ಮೂರು ವರ್ಷದ್ದನ್ನು ಸಾಲಾಗಿ ಇಟ್ಟು ನೋಡಿ. ಪಾರ್ಟ್‌ನರ್‌ಶಿಪ್ ಫರ್ಮ್, ಒಬ್ಬರೇ ಮಾಲೀಕರ ಅಂಗಡಿ ಇವು ಅಲ್ಲಿ ಲೆಕ್ಕ ಸಲ್ಲಿಸುವುದಿಲ್ಲ. ಕೊಡಗಿನಲ್ಲಿ ಅಂಥವೂ ಬೇಕಾದಷ್ಟಿವೆ. ಅವರ ಹತ್ತಿರ ನೀವೇ ಕೇಳಬೇಕು. ಕೇಳಿದರೆ ತಪ್ಪು ತಿಳಿಯುತ್ತಾರೆ ಅನ್ನುವ ಸಂಕೋಚ ಬೇಡ. ಅವರು ಬ್ಯಾಂಕಿಗೆ ಇದನ್ನು ಕೊಟ್ಟೇ ಕೊಟ್ಟಿರುತ್ತಾರೆ. 20 ಲಕ್ಷದ ಕಾಫಿ ಬಿಡುವವರಿಗೆ ಕೇಳುವ ಹಕ್ಕಿದೆ.

ಕಾಫಿ ಇಳಿಸಿದಾಗ ಕೊಡುವ ಚೀಟಿಯನ್ನೂ ಓದಿ. ಕ್ಯೂರಿಂಗ್ ಮಾಡಿಕೊಡಲು ಅಥವಾ ಇಟ್ಟುಕೊಳ್ಳಲು ಮಾತ್ರ ತೆಗೆದುಕೊಂಡಿದ್ದೇವೆ ಅಂತ ಬರೆದಿದ್ದರೆ ಕಾಫಿ ಇನ್ನೂ ನಿಮ್ಮದೇ. ಕಂಪನಿ ದಿವಾಳಿಯಾದರೂ, 2016ರ ದಿವಾಳಿ ಸಂಹಿತೆಯ ಪ್ರಕಾರ, ಬೇರೆಯವರು ಇಡಲು ಕೊಟ್ಟ ಮಾಲು ಕಂಪನಿಯ ಆಸ್ತಿಗೆ ಸೇರುವುದಿಲ್ಲ. ಮಾರಾಟಕ್ಕೆ ಅಂತ ಬರೆದಿದ್ದು, ಒಡೆತನ ಅವರಿಗೆ ಹೋಗಿದ್ದರೆ ನೀವು ಬರೀ ಸಾಲ ಕೊಟ್ಟವರು. ಆಗ ಸ್ಟಾಕ್ ಅಡವಿಟ್ಟುಕೊಂಡ ಬ್ಯಾಂಕ್ ಮುಂದಿರುತ್ತದೆ, ನಿಮ್ಮ ಸಾಲು ಬಹಳ ಹಿಂದೆ. ಚೀಟಿಯಲ್ಲಿ ತೂಕ, ಔಟ್‌ಟರ್ನ್, ತೇವಾಂಶ ಮಾತ್ರ ಇದ್ದು ಈ ವಿಷಯ ಬರೆದೇ ಇಲ್ಲದಿದ್ದರೆ ಅಲ್ಲೇ ನಿಂತು ಬರೆಸಿಕೊಳ್ಳಿ.

ಯಾರಾದರೂ ನಿಮ್ಮ ವ್ಯಾಪಾರಿಯ ಬ್ಯಾಲೆನ್ಸ್ ಶೀಟ್ ತಂದಿದ್ದರೆ ಕೊಡಿ. ಹೆಸರು ಮುಚ್ಚಿ ಸಂಖ್ಯೆಗಳನ್ನು ಬೋರ್ಡ್ ಮೇಲೆ ಬರೆಯುತ್ತೇನೆ, ಎರಡೂ ರೇಶಿಯೊ ಇಲ್ಲೇ ಲೆಕ್ಕ ಹಾಕೋಣ.